ಶುಕ್ರವಾರದ ಮೇಲ್: ಬೆಳಗಾವಿಯ ಆಫೀಸು, ಒಹಾಯೋದ ಗಡಿಯಾರ

ನಮ್ಮ ಆಫೀಸು ಇರೋದು ಬೆಳಗಾವಿಯ ಟಿಳಕವಾಡಿಯಲ್ಲಿ. ಇಪ್ಪತ್ತೆರಡು ಜನ ಇದ್ದೇವೆ. ಮಾಲೀಕರು ಬೆಂಗಳೂರಿನ ಸಾಫ್ಟ್‌ವೇರ್ ಸರ್ವಿಸ್ ಕಂಪನಿಗಳಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಮರಳಿದವರು. ಬರುವಾಗ ಅಲ್ಲಿನ ಪದ್ಧತಿಗಳನ್ನೂ ಗಂಟು ಕಟ್ಟಿಕೊಂಡು ಬಂದರು. ಸೋಮವಾರದ ಸ್ಟೇಟಸ್ ಶೀಟ್, ಎಲ್ಲದಕ್ಕೂ ಒಂದು ಟೆಂಪ್ಲೇಟ್, ಕುತ್ತಿಗೆಗೆ ಐಡಿ ಕಾರ್ಡ್. ಆ ಗಂಟಿನಲ್ಲಿ ಶುಕ್ರವಾರದ ಮೇಲ್ ಕೂಡ ಇತ್ತು.

ಆ ಮೇಲ್ ಹೋಗುತ್ತಿದ್ದದ್ದು ಅಮೆರಿಕದ ಒಹಾಯೋ ರಾಜ್ಯದ ಒಂದು ಗೋದಾಮು ಕಂಪನಿಗೆ. ಅವರ ಪಾರ್ಸೆಲ್ ಲೇಬಲ್ ಮುದ್ರಿಸುವ ಸಾಫ್ಟ್‌ವೇರ್ ನಾವು ನೋಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿದ್ದ ಆ ಮೇಲನ್ನು ಕನ್ನಡಕ್ಕೆ ತಂದರೆ ಇಷ್ಟೇ: "ನಾವು ಭಾರತೀಯ ಸಮಯ ಮಧ್ಯಾಹ್ನ 12:30ರಿಂದ ರಾತ್ರಿ 9:30ರವರೆಗೆ ಇರುತ್ತೇವೆ. ನಿಮ್ಮೊಂದಿಗೆ ಓವರ್‌ಲ್ಯಾಪ್ ಸಂಜೆ 6ರಿಂದ 9:30, ಒಟ್ಟು ಮೂರೂವರೆ ಗಂಟೆ. ಪಿ1 ಟಿಕೆಟ್‌ಗೆ 1 ಗಂಟೆಯಲ್ಲಿ, ಪಿ2ಗೆ 4 ಗಂಟೆಯಲ್ಲಿ, ಪಿ3ಗೆ ಒಂದು ಬಿಸಿನೆಸ್ ದಿನದಲ್ಲಿ ಉತ್ತರ ಕೊಡುತ್ತೇವೆ. ಇಂದು ಕೂಡ ನಿಮಗಾಗಿ ಲಭ್ಯರಿದ್ದೇವೆ." ಟಿಕೆಟ್ ಅಂದರೆ ಅವರು ದಾಖಲಿಸುವ ದೂರು. ಪಿ1 ಅಂದರೆ ಮುದ್ರಣವೇ ನಿಂತದ್ದು. ಪಿ2 ಅಂದರೆ ನಡೆಯುತ್ತಿದೆ, ಆದರೆ ತಪ್ಪಾಗಿ ನಡೆಯುತ್ತಿದೆ. ಪಿ3 ಅಂದರೆ ಸಣ್ಣಪುಟ್ಟದ್ದು.

ಎರಡು ವರ್ಷ ಈ ಮೇಲ್ ಒಂದಕ್ಷರ ಬದಲಾಗದೆ ಹೋಯಿತು. ಕಳಿಸುತ್ತಿದ್ದದ್ದು ಮನುಷ್ಯರಲ್ಲ, ಸರ್ವರ್. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಇತ್ತು:

```
30 13 * * 5
```

ಸರ್ವರ್ ಯುಟಿಸಿ ಸಮಯದಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿನ ಗಡಿಯಾರದಲ್ಲಿ ಓಡುತ್ತದೆ. ಹಾಗಾಗಿ ಪ್ರತಿ ಶುಕ್ರವಾರ 13:30ಕ್ಕೆ, ಅಂದರೆ ನಮ್ಮ ಸಂಜೆ 7ಕ್ಕೆ, ಮೇಲ್ ಹೊರಡುತ್ತಿತ್ತು. ಬೇಸಿಗೆಯಲ್ಲಿ ಅವರಿಗೆ ಅದು ಬೆಳಿಗ್ಗೆ ಒಂಬತ್ತೂವರೆ. ಆ ಕಡೆಯಿಂದ ಯಾರೂ ಯಾವತ್ತೂ ಉತ್ತರಿಸಿರಲಿಲ್ಲ. ಎಲ್ಲ ಸರಿ ಇದೆ ಅನ್ನೋದಕ್ಕೆ ಅದೇ ಗುರುತು ಅಂದುಕೊಂಡಿದ್ದೆವು.

2024ರ ನವೆಂಬರ್ 1

ಅವತ್ತು ಶುಕ್ರವಾರ. ರಾಜ್ಯೋತ್ಸವ, ಜೊತೆಗೆ ದೀಪಾವಳಿ. ಬೆಳಗಾವಿಯಲ್ಲಿ ರಾಜ್ಯೋತ್ಸವ ಅಂದರೆ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ. ಚನ್ನಮ್ಮ ವೃತ್ತದ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಹಳದಿ ಕೆಂಪು ಶಾಲು, ರೂಪಕದ ಗಾಡಿಗಳು, ಎದೆ ನಡುಗಿಸುವ ಡಿಜೆ. ಆಫೀಸಿಗೆ ರಜೆ. ನಾನೂ ಆ ಗುಂಪಿನಲ್ಲೇ ಇದ್ದೆ.

ಸಂಜೆ 7ಕ್ಕೆ ಸರ್ವರ್ ತನ್ನ ಕೆಲಸ ಮಾಡಿತು. "ಇಂದು ಕೂಡ ನಿಮಗಾಗಿ ಲಭ್ಯರಿದ್ದೇವೆ" ಎಂಬ ಮೇಲ್ ಒಹಾಯೋಗೆ ಹೋಯಿತು. ಅರ್ಧ ಗಂಟೆ ಕಳೆದ ಮೇಲೆ, ಅವರ ಬೆಳಿಗ್ಗೆ 10ಕ್ಕೆ, ಅಲ್ಲಿನ ಮ್ಯಾನೇಜರ್ ಒಂದು ಪಿ2 ಟಿಕೆಟ್ ಹಾಕಿದರು. ಕೆಲವು ಲೇಬಲ್‌ಗಳಲ್ಲಿ ವಿಳಾಸದ ಎರಡನೇ ಸಾಲು ಕತ್ತರಿಸಿ ಬರುತ್ತಿದೆ, ನೋಡಿ ಅಂತ. ಮುದ್ರಣ ನಿಂತಿರಲಿಲ್ಲ. ಆದರೆ ಒಬ್ಬ ಹುಡುಗ ಕೂತು ಪ್ರತಿ ಲೇಬಲ್ಲನ್ನೂ ಕಣ್ಣಿಟ್ಟು ನೋಡಬೇಕಾಯಿತು. ಟಿಕೆಟ್ ಟೂಲ್ ತಕ್ಷಣ "ನಿಮ್ಮ ವಿನಂತಿ ತಲುಪಿದೆ" ಎಂದು ತಾನೇ ಉತ್ತರ ಕೊಟ್ಟಿತು. ಅವರು ಮಧ್ಯಾಹ್ನ ಒಮ್ಮೆ, ಮನೆಗೆ ಹೋಗುವ ಮುಂಚೆ ಒಮ್ಮೆ ಕೇಳಿದರು. ನನ್ನ ಫೋನ್ ಜೇಬಿನಲ್ಲಿ ಅದುರಿರಬೇಕು. ಡಿಜೆ ಮುಂದೆ ಅದು ಯಾರಿಗೆ ಗೊತ್ತಾಗುತ್ತದೆ?

ಸೋಮವಾರ, ನವೆಂಬರ್ 4, ಮಧ್ಯಾಹ್ನ 1:15ಕ್ಕೆ ನಮ್ಮ ಹುಡುಗಿಯೊಬ್ಬಳು ಟಿಕೆಟ್ ತೆರೆದು ಉತ್ತರ ಬರೆದಳು. ಟೂಲ್ ಹಸಿರು ಬಣ್ಣ ತೋರಿಸಿತು. ಎಸ್‌ಎಲ್‌ಎ, ಅಂದರೆ ಒಪ್ಪಿಕೊಂಡ ಗಡುವಿನ ಒಳಗೇ ಉತ್ತರ! ನಾವು ನೆಮ್ಮದಿಯಾಗಿ ಚಹಾ ಕುಡಿದೆವು.

ಆ ಹಸಿರು ಎಲ್ಲಿಂದ ಬಂತು ಅನ್ನೋದೇ ಈ ಪ್ರಕರಣದ ಹೊಟ್ಟೆ. ಒಪ್ಪಂದದಲ್ಲಿ "4 ಬಿಸಿನೆಸ್ ಗಂಟೆ" ಅಂತ ಇತ್ತು. ಯಾರ ಬಿಸಿನೆಸ್ ಗಂಟೆ ಅಂತ ಇರಲಿಲ್ಲ. ಟೂಲ್ ಸೆಟ್ ಮಾಡಿದವರು ನಮ್ಮವರು. ಹಾಗಾಗಿ ಅದರ ಕ್ಯಾಲೆಂಡರ್‌ನಲ್ಲಿ ನಮ್ಮ 12:30ರಿಂದ 9:30 ಇತ್ತು. ರಜೆಗಳನ್ನು ಯಾರೂ ತುಂಬಿರಲಿಲ್ಲ. ಟಿಕೆಟ್ ಬಿದ್ದದ್ದು ನಮ್ಮ ರಾತ್ರಿ 7:30ಕ್ಕೆ. ಟೂಲ್ 9:30ರವರೆಗೆ ಎರಡು ಗಂಟೆ ಎಣಿಸಿ ನಿಂತಿತು. ಶನಿವಾರ, ಭಾನುವಾರ ಎಣಿಸಲಿಲ್ಲ. ಸೋಮವಾರ 12:30ಕ್ಕೆ ಮತ್ತೆ ಶುರು ಮಾಡಿತು. ಉಳಿದ ಎರಡು ಗಂಟೆ ಸೇರಿದರೆ ಗಡುವು ಸೋಮವಾರ 2:30. ನಾವು 1:15ಕ್ಕೇ ಬರೆದೆವು. ಲೆಕ್ಕದ ಪ್ರಕಾರ 2 ಗಂಟೆ 45 ನಿಮಿಷ.

ತಮಾಷೆ ಏನೆಂದರೆ, ಅದರಲ್ಲಿ ಮೊದಲ ಎರಡು ಗಂಟೆ ಆಫೀಸಿಗೆ ಬೀಗ ಹಾಕಿದ್ದ ಹೊತ್ತು. ಹಾಗಿದ್ದೂ ಹಸಿರು. ರಜೆಯನ್ನು ತುಂಬಿದ್ದರಂತೂ ನಾವು ಇನ್ನೂ ಬೇಗ ಉತ್ತರಿಸಿದಂತೆ ಕಾಣುತ್ತಿತ್ತು.

ಅವರ ಕಡೆ ನಿಂತು ನೋಡಿ. ಶುಕ್ರವಾರ 10ರಿಂದ ಸಂಜೆ 5ರವರೆಗೆ ಏಳು ಗಂಟೆ ಕಾದರು. ಆ ಏಳು ಗಂಟೆಯಲ್ಲಿ ನಮ್ಮ ಕಡೆಯಿಂದ ಒಬ್ಬರೂ ಮಾತಾಡಲಿಲ್ಲ. ಗೋಡೆ ಗಡಿಯಾರದ ಲೆಕ್ಕದಲ್ಲಿ ಟಿಕೆಟ್‌ನಿಂದ ಉತ್ತರದವರೆಗೆ 65 ಗಂಟೆ 45 ನಿಮಿಷ. ನಮ್ಮ ಮೇಲ್ ಮಾತ್ರ ಅವತ್ತೇ ಬೆಳಿಗ್ಗೆ "ಇದ್ದೇವೆ" ಅಂದಿತ್ತು. ನಮ್ಮ ರಿಪೋರ್ಟಿನ ಹಸಿರು ಬಣ್ಣ ಅವರಿಗೆ ಹೇಗೆ ಕಂಡಿರಬಹುದು?

ಅದೇ ಸೋಮವಾರ ಇನ್ನೆರಡು

ನಡುವೆ ಬಂದ ಭಾನುವಾರ, ನವೆಂಬರ್ 3ರಂದು, ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿತ್ತು. ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಮುಂದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ. 2007ರಿಂದ ಇದೇ ಲೆಕ್ಕ. ನಮ್ಮಲ್ಲಿ ಅದಿಲ್ಲ. ಹಾಗಾಗಿ ಒಹಾಯೋಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹತ್ತೂವರೆ. ಅವರು ಆಫೀಸಿಗೆ ಬರೋದು ಬೆಳಿಗ್ಗೆ 8:30ಕ್ಕೆ. ಅವರ ಗಡಿಯಾರ ನ್ಯೂಯಾರ್ಕ್‌ನದೇ. ನಮ್ಮಲ್ಲಿ ಆಗ ಎಷ್ಟು ಅಂತ ಪೈಥಾನ್‌ನಲ್ಲಿ ಕೇಳಿದರೆ ಎರಡು ಉತ್ತರ ಬರುತ್ತದೆ:

```python
from datetime import datetime
from zoneinfo import ZoneInfo

ny = ZoneInfo("America/New_York")
ist = ZoneInfo("Asia/Kolkata")
for d in (1, 4):
    t = datetime(2024, 11, d, 8, 30, tzinfo=ny)
    print(t.astimezone(ist))
```

ನವೆಂಬರ್ 1ಕ್ಕೆ ಸಂಜೆ 6, ನವೆಂಬರ್ 4ಕ್ಕೆ ಸಂಜೆ 7. ಅಂದರೆ ಮೇಲ್ ಹೇಳುತ್ತಿದ್ದ ಮೂರೂವರೆ ಗಂಟೆ ಓವರ್‌ಲ್ಯಾಪ್ ಚಳಿಗಾಲದಲ್ಲಿ ಎರಡೂವರೆ ಆಗುತ್ತಿತ್ತು. ವರ್ಷದಲ್ಲಿ ನಾಲ್ಕು ತಿಂಗಳು ಆ ಮೇಲ್ ಸುಳ್ಳು ಹೇಳುತ್ತಿತ್ತು. ಎರಡು ವರ್ಷ ನಮಗೆ ಇದು ಗೊತ್ತಾಗಲಿಲ್ಲ, ಯಾಕೆಂದರೆ ನಾವೂ ಅದನ್ನು ಓದುತ್ತಿರಲಿಲ್ಲ.

ಸೋಮವಾರದ ಕಾಲ್ ಇದಕ್ಕೇ ಬಲಿಯಾಯಿತು. ಕಾಲ್ ಇನ್ವೈಟ್ ಮಾಡಿದ್ದು ನಾನು, ನನ್ನ ಕ್ಯಾಲೆಂಡರ್‌ನಿಂದ, ಸಂಜೆ 6:30ಕ್ಕೆ. ಮರುಕಳಿಸುವ ಇನ್ವೈಟ್ ಯಾವ ಟೈಮ್‌ಝೋನ್‌ನಲ್ಲಿ ಹುಟ್ಟಿತೋ ಆ ಗಡಿಯಾರಕ್ಕೆ ಅಂಟಿಕೊಂಡಿರುತ್ತದೆ. ನನ್ನದು Asia/Kolkataದಲ್ಲಿ ಹುಟ್ಟಿದ್ದು. ಹಾಗಾಗಿ ನಮಗೆ 6:30 ಕದಲಲಿಲ್ಲ, ಅವರ ಕಡೆ 9 ಹೋಗಿ 8 ಆಯಿತು. 8ಕ್ಕೆ ಅವರು ಇನ್ನೂ ಕಾರಿನಲ್ಲಿದ್ದರು. ನಾವು ಇಪ್ಪತ್ತು ನಿಮಿಷ ಕಾದು "ಕ್ಲೈಂಟ್ ಹಾಜರಾಗಲಿಲ್ಲ" ಅಂತ ಬರೆದು ಎದ್ದೆವು. ಅವರು ರೂಢಿಯಂತೆ 9ಕ್ಕೆ, ನಮ್ಮ 7:30ಕ್ಕೆ ಬಂದರು. ಖಾಲಿ ಕಾಲ್‌ನಲ್ಲಿ ಒಬ್ಬರೇ ಕೂತರು.

ಇನ್ನೊಂದು ಎಡವಟ್ಟು ಒಂದು ಪದದ್ದು. ಮಧ್ಯಾಹ್ನ ಬರೆದ ಉತ್ತರದಲ್ಲಿ ನಮ್ಮ ಹುಡುಗಿ "ನಾಳೆ ಇಒಡಿ ಒಳಗೆ ರಿವರ್ಟ್ ಮಾಡುತ್ತೇವೆ" ಅಂದಿದ್ದಳು. ನಮ್ಮ ಆಫೀಸುಗಳಲ್ಲಿ ರಿವರ್ಟ್ ಅಂದರೆ ಉತ್ತರಿಸೋದು. ಅಮೆರಿಕದ ಇಂಜಿನಿಯರ್‌ಗೆ ರಿವರ್ಟ್ ಅಂದರೆ ಒಂದೇ ಅರ್ಥ: ಹಾಕಿದ ಬದಲಾವಣೆಯನ್ನು ವಾಪಸ್ ತೆಗೆಯೋದು. ಹಿಂದಿನ ವಾರವಷ್ಟೇ ನಾವು ಒಂದು ರಿಲೀಸ್ ಕೊಟ್ಟಿದ್ದೆವು. ನಾವು ಅದನ್ನು ತೆಗೆಯುತ್ತೇವೆ ಅಂದುಕೊಂಡು ಅವರು ಗೋದಾಮಿನವರಿಗೆ "ಮಂಗಳವಾರ ಹೊಸ ಫಾರ್ಮ್ಯಾಟ್ ಬಳಸಬೇಡಿ" ಅಂತ ಹೇಳಿಬಿಟ್ಟರು. ಇಒಡಿ ಯಾರ ದಿನದ ಕೊನೆ ಅನ್ನೋದು ಬೇರೆ ಪ್ರಶ್ನೆ. ನಮ್ಮ ಮಂಗಳವಾರ ಮುಗಿಯುವ ರಾತ್ರಿ 9:30ಕ್ಕೆ ಅವರಿಗೆ ಬೆಳಿಗ್ಗೆ 11.

ಲೇಬಲ್ ಸರಿಮಾಡಲು ಹಿಡಿದದ್ದು ನಲವತ್ತು ನಿಮಿಷ. ವಿಳಾಸದ ಸಾಲಿಗೆ ಇದ್ದ ಅಕ್ಷರಗಳ ಮಿತಿ ಒಂದನ್ನು ಬದಲಾಯಿಸಿದ್ದಷ್ಟೇ.

ಮೇಲ್ ಬಿಚ್ಚಿ ನೋಡಿದ್ದು

ಬುಧವಾರ ಆ ಮ್ಯಾನೇಜರ್ ನಮ್ಮ ಹಳೆಯ ನಾಲ್ಕು ಶುಕ್ರವಾರದ ಮೇಲ್‌ಗಳನ್ನು ಒಟ್ಟಿಗೆ ಕಳಿಸಿದರು. ಕೆಳಗೆ ಒಂದೇ ಪ್ರಶ್ನೆ: ಇದರಲ್ಲಿ ಯಾವ ಸಮಯವನ್ನು ನಾನು ನಂಬಬೇಕು? ಬೈದಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮಾಲೀಕರು ನಮ್ಮನ್ನೆಲ್ಲ ಕೂರಿಸಿಕೊಂಡರು. ಮೊದಲು ಬಂದ ಸಲಹೆ ನೀವು ಊಹಿಸಿದ್ದೇ. "ಸರ್, ಶಿಫ್ಟನ್ನ ರಾತ್ರಿ ಹತ್ತೂವರೆ ತನಕಾ ಒಯ್ಯೂಣ್ರಿ, ಮುಗೀತು." ಬೆಂಗಳೂರಿನಲ್ಲಾದರೆ ಮುಗಿಯುತ್ತಿತ್ತೇನೋ. ಅಲ್ಲಿ ರಾತ್ರಿ ಹನ್ನೊಂದಕ್ಕೂ ಕ್ಯಾಬ್ ಸಿಗುತ್ತದೆ. ನಮ್ಮಲ್ಲಿ ಅರ್ಧ ಜನ ಕಾಕತಿ, ಸುಳೇಭಾವಿ, ಖಾನಾಪುರದ ಕಡೆಯವರು. ಅವರನ್ನು ಬಿಡೋದು ಒಂದೇ ಒಂದು ಬಾಡಿಗೆ ಕ್ರೂಸರ್, 9:45ಕ್ಕೆ ಗೇಟಿನಿಂದ ಹೊರಡುತ್ತದೆ. ಅದರ ಡ್ರೈವರ್ ಕಾಕಾನನ್ನು ಕೇಳಿದಾಗ, "ಎರಡನೇ ಟ್ರಿಪ್ ಮಾಡ್ತೀನ್ರಿ, ಆದ್ರ ಡೀಸೆಲ್ ನಿಮ್ದು, ಮತ್ತ ಯಾವಾಗಿಂದ ಯಾವಾಗಿನತನಕಾ ಅಂತ ಮೊದ್ಲ ಹೇಳ್ಬೇಕು" ಅಂದರು. ನಾವು ಕ್ಲೈಂಟ್‌ಗೆ ಎರಡು ವರ್ಷ ಹೇಳದೇ ಇದ್ದದ್ದನ್ನೇ ಕಾಕಾ ಕೇಳಿದ್ದು.

ಕೊನೆಗೆ ಇಷ್ಟಾಯಿತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿದಿನ ಇಬ್ಬರು ಮಾತ್ರ 1:30ಕ್ಕೆ ಬಂದು 10:30ರವರೆಗೆ ಇರುತ್ತಾರೆ, ಸರದಿ ಮೇಲೆ. ಅವರಿಗಾಗಿ ಕ್ರೂಸರ್ ಎರಡನೇ ಸಲ. ಉಳಿದವರು 9:30ಕ್ಕೇ ಮನೆಗೆ. ಆಗ ಒಹಾಯೋದವರಿಗೆ 8:30ರಿಂದ 11ರವರೆಗೆ ಪೂರಾ ತಂಡ ಸಿಗುತ್ತದೆ, 11ರಿಂದ 12ರವರೆಗೆ ಇಬ್ಬರು. ಮೂರೂವರೆ ಗಂಟೆ ಉಳಿಯಿತು, ಆದರೆ ಕೊನೆಯ ಒಂದು ಗಂಟೆ ತೆಳು. ತೆಳು ಅಂತ ಮೇಲ್‌ನಲ್ಲಿ ಬರೆಯೋಣ ಅಂತ ನಾನು ಹಟ ಹಿಡಿದೆ. ಮಾಲೀಕರಿಗೆ ಇಷ್ಟ ಇರಲಿಲ್ಲ. "ದೌರ್ಬಲ್ಯ ಯಾಕ ಬರದು ಕೊಡಬೇಕ್ರೀ?" ಅಂದರು. ಬರೆಯದಿದ್ದರೆ 11:30ಕ್ಕೆ ಅವರೇ ಕಂಡುಹಿಡಿಯುತ್ತಾರೆ ಅಲ್ವಾ?

ಉತ್ತರದ ಸಮಯದ್ದು ಇದಕ್ಕಿಂತ ಗಟ್ಟಿ ಗಂಟು. ಪಿ2ಗೆ 4 ಗಂಟೆ ಅನ್ನೋ ಮಾತು ಕೇಳಲು ಚೆಂದ. ಆದರೆ ಅವರ ಮಧ್ಯಾಹ್ನ 1ಕ್ಕೆ ಟಿಕೆಟ್ ಬಿದ್ದರೆ ಸಂಜೆ 5ರೊಳಗೆ ಉತ್ತರ ಸಾಧ್ಯವೇ ಇಲ್ಲ. ನಮ್ಮಲ್ಲಿ ಆಗ ನಡುರಾತ್ರಿ. ಆ 4 ಬಂದದ್ದು ಬೆಂಗಳೂರಿನ ಟೆಂಪ್ಲೇಟಿನಿಂದ. ಅಲ್ಲಿ ಮೂರು ಪಾಳಿಯಲ್ಲಿ ಜನ ಕೂರುತ್ತಿದ್ದರು. ಪಾಳಿ ಅಲ್ಲೇ ಉಳಿಯಿತು, ಅಂಕಿ ಮಾತ್ರ ಬೆಳಗಾವಿಗೆ ಬಂತು.

ಇನ್ನೊಂದು ಕಡೆ, ನಮ್ಮಲ್ಲಿದ್ದ ಒಳ್ಳೆಯದನ್ನು ಆ ಮೇಲ್ ಹೇಳುತ್ತಲೇ ಇರಲಿಲ್ಲ. ನಾವು 12:30ಕ್ಕೆ ಕೂರುವಾಗ ಅವರಿಗೆ ಬೆಳಗಿನ ಜಾವ, ಬೇಸಿಗೆಯಲ್ಲಿ 3, ಚಳಿಗಾಲದಲ್ಲಿ 2. ಅವರು ಬರುವ ಮುಂಚೆ ನಮಗೆ ಐದಾರು ಗಂಟೆ ಸಿಗುತ್ತದೆ. ಅವರು ಸಂಜೆ ಹಾಕಿ ಹೋದ ಟಿಕೆಟ್‌ಗೆ ಬೆಳಿಗ್ಗೆ ಬರುವಷ್ಟರಲ್ಲಿ ಉತ್ತರ ಮೇಜಿನ ಮೇಲಿರುತ್ತದೆ. ಗಂಟೆ ಎಣಿಸುವ ಬದಲು ಇದನ್ನೇ ಹೇಳಿದರೆ ಸಾಕಿತ್ತು.

ಹೊಸ ಮೇಲ್ ಮೊದಲು ಹೋದದ್ದು ನವೆಂಬರ್ 14, ಗುರುವಾರ. ಕನ್ನಡದಲ್ಲಿ ಹೀಗಿತ್ತು:

"ವಿಷಯ: ನವೆಂಬರ್ 15ರಿಂದ 28, ಒಂದು ಬದಲಾವಣೆ ಇದೆ. ಎಲ್ಲ ಸಮಯವೂ ನಿಮ್ಮ ಗಡಿಯಾರದಲ್ಲಿ. ಬದಲಾವಣೆ: ಕಾಲ್ ಇನ್ನು ಮುಂದೆ ವರ್ಷವಿಡೀ ನಿಮ್ಮ ಬೆಳಿಗ್ಗೆ 9ಕ್ಕೆ, ಹಳೆಯ ಇನ್ವೈಟ್ ರದ್ದು. 8:30ರಿಂದ 11ರವರೆಗೆ ಪೂರಾ ತಂಡ, 11ರಿಂದ 12ರವರೆಗೆ ಇಬ್ಬರು. 12ರೊಳಗೆ ಬಂದ ಪಿ2ಗೆ ಅದೇ ದಿನ 12ರೊಳಗೆ ಒಬ್ಬ ಮನುಷ್ಯ ಉತ್ತರ ಬರೆಯುತ್ತಾರೆ. 12ರ ನಂತರ ಬಂದದ್ದಕ್ಕೆ ಮರುದಿನ 8:30ರೊಳಗೆ. ಶುಕ್ರವಾರ 12ರ ನಂತರ ಬಂದದ್ದಕ್ಕೆ ಸೋಮವಾರ 8:30ರೊಳಗೆ. ಪಿ1 ಆದರೆ ಯಾವ ಹೊತ್ತಿನಲ್ಲೂ ಕೆಳಗಿನ ನಂಬರಿಗೆ ಫೋನ್ ಮಾಡಿ, ಮೇಲ್ ಬೇಡ. ಈ ಹದಿನಾಲ್ಕು ದಿನ ನಮಗೆ ರಜೆ ಇಲ್ಲ."

ಇದರಲ್ಲಿ "ಒಬ್ಬ ಮನುಷ್ಯ" ಅನ್ನೋದನ್ನು ಬೇಕಂತಲೇ ಹಾಕಿದ್ದು. ಟೂಲ್‌ನ ತಾನೇ ಕೊಡುವ ಉತ್ತರವನ್ನು ಇನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ ಅಂತ ಅದರ ಅರ್ಥ. ಉತ್ತರ ಅಂದರೆ ಸಮಸ್ಯೆ ಬಗೆಹರಿಯಿತು ಅಂತಲೂ ಅಲ್ಲ. ನೋಡಿದ್ದೇವೆ, ಹೀಗೆ ಅನ್ನಿಸುತ್ತಿದೆ, ಮುಂದಿನ ಮಾತು ಇಷ್ಟು ಗಂಟೆಗೆ, ಅಷ್ಟೇ. ಕಾಲ್ ಇನ್ವೈಟನ್ನು America/New_Yorkದಲ್ಲಿ ಹೊಸದಾಗಿ ಮಾಡಿದೆವು. ಈಗ ಕದಲೋದು ನಮ್ಮ ಕಡೆ. "ಇಎಸ್‌ಟಿ" ಅಂತ ಬರೆಯೋದನ್ನೂ ಬಿಟ್ಟೆವು. ಇಎಸ್‌ಟಿ ಅಂದರೆ ಚಳಿಗಾಲದ ಗಡಿಯಾರ ಮಾತ್ರ. ಬೇಸಿಗೆಯದು ಇಡಿಟಿ. ಜುಲೈನಲ್ಲಿ "9 ಇಎಸ್‌ಟಿ" ಅಂತ ಬರೆದರೆ, ಅಕ್ಷರಶಃ ಓದುವವರು 10ಕ್ಕೆ ಬರುತ್ತಾರೆ.

ಕ್ರಾನ್ ಸಾಲನ್ನು ತೆಗೆದೆವು. ಈಗ ಎರಡು ವಾರಕ್ಕೊಮ್ಮೆ ಗುರುವಾರ, ಮನುಷ್ಯರೇ ಬರೆದು, ಮನುಷ್ಯರೇ ಕಳಿಸಬೇಕು. ಮೇಲ್ ಮುಂದಿನ ಹದಿನಾಲ್ಕು ದಿನದ್ದು ಮಾತ್ರ. ಏನೂ ಬದಲಾಗದಿದ್ದರೆ ವಿಷಯದ ಸಾಲಿನಲ್ಲೇ "ಬದಲಾವಣೆ ಇಲ್ಲ" ಅಂತ ಇರುತ್ತದೆ. ತೆರೆಯದೆಯೂ ಗೊತ್ತಾಗುತ್ತದೆ.

ಟೂಲ್‌ನ ಬಣ್ಣಗಳೂ ಬದಲಾದವು. ಕ್ಯಾಲೆಂಡರನ್ನು ಅವರ ಸಮಯಕ್ಕೆ ಮಾಡಿದ ಮೊದಲ ತಿಂಗಳು ರಿಪೋರ್ಟ್ ಕೆಂಪು ಕೆಂಪಾಗಿ ಬಂತು. ಮಾಲೀಕರ ಮುಖ ಸಪ್ಪೆಯಾಯಿತು. ಆದರೆ ಆ ತಿಂಗಳು ಕ್ಲೈಂಟ್‌ನಿಂದ "ಏನಾಯ್ತು?" ಅನ್ನೋ ಮೇಲ್ ಬಂದದ್ದು ಒಂದೇ.

ಇನ್ನೂ ತಪ್ಪಿದ್ದು

ಎರಡನೇ ಮೇಲ್ ಕಳಿಸುವ ದಿನ ನವೆಂಬರ್ 28. ಅವತ್ತು ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್, ನವೆಂಬರ್‌ನ ನಾಲ್ಕನೇ ಗುರುವಾರ. ನಮ್ಮ ರಜೆಗಳನ್ನು ಜಾಗರೂಕತೆಯಿಂದ ತುಂಬಿದ್ದೆವು. ಅವರ ರಜೆಗಳನ್ನು ನೋಡಿರಲೇ ಇಲ್ಲ. ಮೇಲ್ ಖಾಲಿ ಆಫೀಸಿಗೆ ಹೋಯಿತು. ಇಬ್ಬರು 10:30ರವರೆಗೆ ಸುಮ್ನೆ ಕೂತಿದ್ದರು, ಅವರಿಗಾಗಿ ಕ್ರೂಸರ್ ಎರಡನೇ ಸಲ ಬಂತು. "ಇವತ್ತ ಯಾರ ಜೋಡಿ ಮಾತಾಡಿದ್ರಿ?" ಅಂತ ಕಾಕಾ ಕೇಳಿದರಂತೆ. ಆಮೇಲೆ ಎರಡೂ ದೇಶದ ರಜೆಗಳು ಒಂದೇ ಶೀಟ್‌ಗೆ ಬಂದವು.

ಪಿ2 ಯಾವುದು, ಪಿ3 ಯಾವುದು ಅನ್ನೋ ಜಗಳ ಹಾಗೇ ಇದೆ. ಅದನ್ನು ಯಾವ ಮೇಲ್ ಕೂಡ ಬಿಡಿಸೋದಿಲ್ಲ.

2025ರ ಮಾರ್ಚ್ 6ರ ಮೇಲ್‌ನ ವಿಷಯದ ಸಾಲಿನಲ್ಲಿ ಬರೆದೆವು: ಭಾನುವಾರ, ಮಾರ್ಚ್ 9ರಿಂದ ನಿಮ್ಮ ಗಡಿಯಾರ ಮುಂದೆ ಹೋಗುತ್ತದೆ, ಪೂರಾ ತಂಡ ಮತ್ತೆ 12ರವರೆಗೆ ಇರುತ್ತದೆ. ಮೊದಲ ಸಲ ಆ ಮೇಲ್‌ಗೆ ಉತ್ತರ ಬಂತು. "ಒಳ್ಳೆಯದು, ನಾನೇ ಮರೆತಿದ್ದೆ." ಆ ವಾರ ಎಡವಿದ್ದು ನಮ್ಮ ಇಂಗ್ಲೆಂಡಿನ ಸಣ್ಣ ಕ್ಲೈಂಟ್ ವಿಷಯದಲ್ಲಿ. ಅವರ ಗಡಿಯಾರವೂ ಬದಲಾಯಿತು ಅಂದುಕೊಂಡು ಒಬ್ಬ ಒಂದು ಗಂಟೆ ಮುಂಚೆ ಕಾಲ್‌ಗೆ ಕೂತ. ಅಲ್ಲಿ ಬದಲಾಗೋದು ಮಾರ್ಚ್‌ನ ಕೊನೆಯ ಭಾನುವಾರ. ಆ ವರ್ಷ ಅದು ಮಾರ್ಚ್ 30, ನಮ್ಮ ಯುಗಾದಿ ದಿನ.

ಈಗ ಈ ದಿನಾಂಕಗಳನ್ನು ನಮಗಿಂತ ಚೆನ್ನಾಗಿ ನೆನಪಿಡೋದು ಡ್ರೈವರ್ ಕಾಕಾ. ಎರಡನೇ ಟ್ರಿಪ್‌ನ ದುಡ್ಡು ಅದರ ಮೇಲೆ ನಿಂತಿದೆ. ಕ್ರೂಸರ್‌ನ ಡ್ಯಾಶ್‌ಬೋರ್ಡ್ ಮೇಲೆ ಒಂದು ಪುಟ್ಟ ಕ್ಯಾಲೆಂಡರ್ ಅಂಟಿಸಿದ್ದಾರೆ. ಮೊನ್ನೆ 2026ರ ನವೆಂಬರ್ ಪುಟ ತೆಗೆದು ತೋರಿಸಿದರು. ಅದರಲ್ಲಿ ಮೊದಲ ಭಾನುವಾರ ಒಂದನೇ ತಾರೀಕು. "ರಾಜ್ಯೋತ್ಸವದ ದಿನಾನ ಅವರ ಗಡಿಯಾರ ಹಿಂದ ಹೊಕ್ಕೈತ್ರಿ. ಸೋಮವಾರ ಎರಡನೇ ಟ್ರಿಪ್ ಐತಿ ಅಂತ ಈಗ ಬರದ್ ಇಟ್ಕೋರಿ" ಅಂದರು. ಅಕ್ಟೋಬರ್ ಕೊನೆಯ ಗುರುವಾರ, 29ಕ್ಕೆ, ನಾನು ಶೀಟ್‌ನಲ್ಲಿ ಬರೆದಿಟ್ಟೆ.